‘ಲೀಸ್ಡ್’ ಮತ್ತು ‘ಲೀಸೆಬಲ್’: ಪುಣೆಯಲ್ಲಿ ಮಳಿಗೆ ಹಿಡಿಯುವವರಿಗೆ

ಪುಣೆಯ ಬಾಣೇರ್ ಕಡೆ ಹೊಸ ಕಾಂಪ್ಲೆಕ್ಸೊಂದರಲ್ಲಿ ತಿಂಡಿ ಅಂಗಡಿ ಹಾಕಿದ ಕುಂದಾಪುರದ ಹುಡುಗನಿಗೆ ಮೊದಲ ಮೂರು ತಿಂಗಳು ಮೇಂಟೆನೆನ್ಸ್ ಬಿಲ್ 5,880 ರೂಪಾಯಿ ಬಂತು. ನಾಲ್ಕನೇ ತಿಂಗಳು ಅದೇ ಬಿಲ್ 8,400. ಲೆಕ್ಕ ತಪ್ಪಿರಬೇಕು ಅಂದುಕೊಂಡು ಕೇಳಲು ಹೋದರೆ, ಮ್ಯಾನೇಜರ್ ಕರಾರಿನ ಪುಟ ತೆಗೆದು ತೋರಿಸಿದರು. ಕೆಳಗೆ ಹುಡುಗನದೇ ಸಹಿ. ಲೆಕ್ಕದಲ್ಲಿ ತಪ್ಪಿರಲಿಲ್ಲ.

ನಮ್ಮ ಕಡೆ ಅಂಗಡಿ ಹಿಡಿಯುವಾಗ ಯಾರು ಕರಾರು ಓದುತ್ತಾರೆ? ಅಡ್ವಾನ್ಸ್ ಎಷ್ಟು, ಬಾಡಿಗೆ ಎಷ್ಟು, ವರ್ಷಕ್ಕೆ ಐದೋ ಹತ್ತೋ ಪರ್ಸೆಂಟ್. ಸ್ಟಾಂಪ್ ಪೇಪರ್ ಮೇಲೆ 11 ತಿಂಗಳ ಒಂದು ಪತ್ರ, ಒಳ್ಳೆ ದಿನ ನೋಡಿ ಬೀಗದಕೈ. ಆ 11 ತಿಂಗಳಿಗೂ ಕಾರಣವಿದೆ. ಒಂದು ವರ್ಷ ಮೀರಿದ ಬಾಡಿಗೆ ಪತ್ರವನ್ನು ನೋಂದಾಯಿಸಲೇಬೇಕು, ಆ ಖರ್ಚು ಉಳಿಯಲಿ ಅಂತ. ಮಹಾರಾಷ್ಟ್ರದಲ್ಲಿ ಆ ದಾರಿ ಇಲ್ಲ. ಇಲ್ಲಿಯ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ‘ಲೀವ್ ಅಂಡ್ ಲೈಸೆನ್ಸ್’, ಅಂದರೆ ಜಾಗ ಬಳಸಲು ಅನುಮತಿ ಮಾತ್ರ ಕೊಡುವ ಕರಾರು, ಲಿಖಿತವಾಗಿರಬೇಕು, ನೋಂದಣಿಯೂ ಆಗಬೇಕು. ಆ ಹೊಣೆ ಮಾಲೀಕನದು. ಅವನು ಮಾಡಿಸದಿದ್ದರೆ, ಬೇರೆ ರೀತಿ ರುಜುವಾಗುವ ತನಕ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ ಮಾತೇ ನಿಲ್ಲುತ್ತದೆ. ಇದು ನನಗೆ ಬಹಳ ಮೆಚ್ಚುಗೆಯಾದ ಪದ್ಧತಿ. ಎಲ್ಲವೂ ಕಾಗದದ ಮೇಲಿರುತ್ತದೆ. ಓದಿದರೆ ಕಾಣುತ್ತದೆ.

ಹಾಗಾದರೆ ಆ ಹುಡುಗನ ಕಣ್ಣಿಗೆ ಬೀಳದೇ ಹೋದದ್ದು ಏನು? ಅವನ ಮಳಿಗೆಯೊಳಗೆ ಟೇಪ್ ಹಿಡಿದರೆ 300 ಚದರಡಿ. ಇದು ಕಾರ್ಪೆಟ್ ಏರಿಯಾ. ಕರಾರಿನಲ್ಲಿರುವುದು 420 ಚದರಡಿ ‘ಚಾರ್ಜೆಬಲ್ ಏರಿಯಾ’. ಮೆಟ್ಟಿಲು, ಲಿಫ್ಟ್, ಕಾರಿಡಾರುಗಳ ಪಾಲೆಂದು ಸೇರಿಸಿದ 40 ಪರ್ಸೆಂಟ್ ಲೋಡಿಂಗ್ ಅದು. ಚದರಡಿಗೆ 14 ರೂಪಾಯಿ ಅಂದದ್ದನ್ನು ಈ 420ರಿಂದ ಗುಣಿಸಿದರೆ 5,880 ಬರುತ್ತದೆ. ಅಂದರೆ ಅವನು ವ್ಯಾಪಾರ ಮಾಡುವ ಜಾಗಕ್ಕೆ ಅಡಿಗೆ 19 ರೂಪಾಯಿ 60 ಪೈಸೆ ಬಿದ್ದ ಹಾಗಾಯಿತು. ಎರಡು ಕಾಂಪ್ಲೆಕ್ಸ್ ಹೋಲಿಸುವಾಗ ಬರೀ ರೇಟ್ ಕೇಳಬಾರದು. ತಿಂಗಳ ಒಟ್ಟು ಮೊತ್ತವನ್ನು ಕಾರ್ಪೆಟ್ ಏರಿಯಾದಿಂದ ಭಾಗಿಸಿ ನೋಡಬೇಕು. ಲೋಡಿಂಗ್ ಒಂದು ಕಡೆ 25, ಇನ್ನೊಂದು ಕಡೆ 50 ಇದ್ದರೆ ಕಡಿಮೆ ರೇಟಿನ ಮಳಿಗೆಯೇ ದುಬಾರಿಯಾಗಬಹುದು.

8,400ರ ಮೂಲ ಬೇರೆ. 14 ರೂಪಾಯಿ ದರ ಮೂರು ತಿಂಗಳ ಮಟ್ಟಿಗೆ ಮಾತ್ರ, ಆಮೇಲೆ ‘ಆಕ್ಚುವಲ್ಸ್’, ಅಂದರೆ ಆದ ಖರ್ಚನ್ನು ಹಂಚುವುದು. ಕಾಂಪ್ಲೆಕ್ಸಿನ ಒಟ್ಟು ಜಾಗ 20,000 ಚದರಡಿ. ಸೆಕ್ಯುರಿಟಿ, ಕಸಗುಡಿಕೆ, ಲಿಫ್ಟ್, ಜನರೇಟರ್ ಎಲ್ಲ ಸೇರಿ ತಿಂಗಳಿಗೆ 2,80,000 ರೂಪಾಯಿ ಖರ್ಚು. ಭಾಗಿಸಿದರೆ ಅದೇ 14. ಆದರೆ 6,000 ಅಡಿ ಮಳಿಗೆಗಳು ಇನ್ನೂ ಖಾಲಿ. ಕರಾರಿನಲ್ಲಿ ಖರ್ಚನ್ನು ‘ಲೀಸೆಬಲ್ ಏರಿಯಾ’ಕ್ಕೆ, ಅಂದರೆ ಬಾಡಿಗೆಗೆ ಕೊಡಬಹುದಾದ ಒಟ್ಟು ಜಾಗಕ್ಕೆ ಹಂಚಬೇಕು ಅಂತಿದ್ದರೆ ಖಾಲಿ ಮಳಿಗೆಯ ಪಾಲು ಬಿಲ್ಡರ್ ತಲೆಗೆ. ಅಲ್ಲಿದ್ದದ್ದು ‘ಲೀಸ್ಡ್ ಏರಿಯಾ’, ಅಂದರೆ ಈಗಾಗಲೇ ಬಾಡಿಗೆಗೆ ಹೋಗಿರುವ ಜಾಗ. ಹಾಗಾಗಿ ತುಂಬಿದ 14,000 ಅಡಿಗೆ ಮಾತ್ರ ಖರ್ಚು ಹಂಚಿಕೆಯಾಯಿತು. ಅಡಿಗೆ 20 ರೂಪಾಯಿ. ಬಿಲ್ಡರ್ ಮಾರಲಾಗದೆ ಉಳಿಸಿಕೊಂಡ ಮಳಿಗೆಗಳ ಕಸಗುಡಿಕೆ ಖರ್ಚನ್ನು ಇಡ್ಲಿ ಮಾರುವ ಹುಡುಗ ಕೊಡುತ್ತಿದ್ದಾನೆ. ಮೇಲೆ 18 ಪರ್ಸೆಂಟ್ ಜಿಎಸ್‌ಟಿ. 5 ಪರ್ಸೆಂಟ್ ಜಿಎಸ್‌ಟಿ ಹಾಕುವ ಹೋಟೆಲಿನವನಿಗೆ ಆ 18 ವಾಪಸ್ ಸಿಗುವುದಿಲ್ಲ, ಅದು ನೇರ ಖರ್ಚು.

ಸಹಿಗೆ ಮೊದಲು ಮೂರು ಮಾತು ಬರೆಸಿಕೊಳ್ಳಬೇಕಿತ್ತು. ಹಂಚಿಕೆ ಲೀಸೆಬಲ್ ಏರಿಯಾದ ಮೇಲೆ. ವರ್ಷಕ್ಕೆ ಇಷ್ಟು ಪರ್ಸೆಂಟಿಗಿಂತ ಹೆಚ್ಚು ಏರುವಂತಿಲ್ಲ. ವರ್ಷದ ಕೊನೆಗೆ ಆಡಿಟ್ ಆದ ಖರ್ಚಿನ ಪಟ್ಟಿ ಕೊಡಬೇಕು. ಪ್ರಾಪರ್ಟಿ ಟ್ಯಾಕ್ಸ್, ಮುಂದಿನ ದೊಡ್ಡ ಕೆಲಸಗಳಿಗೆಂದು ಕೂಡಿಡುವ ಸಿಂಕಿಂಗ್ ಫಂಡ್, ಕಟ್ಟಡದ ದೊಡ್ಡ ರಿಪೇರಿ ಮಾಲೀಕನವು ಎಂಬುದನ್ನೂ ಸೇರಿಸಿಬಿಟ್ಟರೆ ಒಳ್ಳೆಯದು. ಸೊಸೈಟಿಯ ನೆಲಮಹಡಿಯ ಮಳಿಗೆಯಾದರೆ ತಾನು ಬಳಸದೆ ಬಾಡಿಗೆಗೆ ಕೊಟ್ಟದ್ದಕ್ಕೆ ಮಾಲೀಕ ಸೊಸೈಟಿಗೆ ಕಟ್ಟಬೇಕಾದ ನಾನ್-ಆಕ್ಯುಪೆನ್ಸಿ ಚಾರ್ಜನ್ನೂ ಬಾಡಿಗೆದಾರನ ಬಿಲ್ಲಿಗೆ ತಳ್ಳಿರುತ್ತಾನೆ, ನೋಡಿಕೊಳ್ಳಿ.

ಬಾಡಿಗೆ ಏರಿಕೆಯ ಮಾತಿಗೆ ಬಂದರೆ ನಮ್ಮವರು ‘ವರ್ಷಕ್ಕೆ ಐದೇ’ ಅಂದರೆ ಖುಷಿಪಡುತ್ತಾರೆ, ‘ಮೂರು ವರ್ಷಕ್ಕೆ ಹದಿನೈದು’ ಅಂದರೆ ಹೆದರುತ್ತಾರೆ. ತಿಂಗಳಿಗೆ 60,000ದ ಮಳಿಗೆ, ಐದು ವರ್ಷದ ಕರಾರು ಅಂತ ಹಿಡಿಯಿರಿ. ವರ್ಷವರ್ಷ 5 ಏರಿದರೆ ಕೊನೆಯ ವರ್ಷ ತಿಂಗಳಿಗೆ 72,930. ಮೂರು ವರ್ಷ ಹಾಗೇ ಇದ್ದು ಆಮೇಲೆ 15 ಏರಿದರೆ 69,000. ಐದು ವರ್ಷದ ಒಟ್ಟಿನಲ್ಲಿ ಎರಡನೆಯದು ಸುಮಾರು 1,62,000 ರೂಪಾಯಿ ಅಗ್ಗ, ಅದರಲ್ಲಿ ಒಂದು ಲಕ್ಷಕ್ಕೂ ಮೇಲೆ ಮೊದಲ ಮೂರು ವರ್ಷಗಳಲ್ಲೇ ಉಳಿಯುತ್ತದೆ. ಹೊಸ ಅಂಗಡಿಗೆ ದುಡ್ಡು ಬೇಕಾದದ್ದೂ ಆಗಲೇ. ಇನ್ನೊಂದು, ಏರಿಕೆ ಯಾವ ದಿನದಿಂದ ಅಂತ ನೋಡಬೇಕು. ಒಲೆ, ಚಿಮಣಿ ಕೂರಿಸಲು ಎರಡು ತಿಂಗಳು ಬಾಡಿಗೆ ಬಿಟ್ಟುಕೊಟ್ಟಿರುತ್ತಾರೆ. ಏರಿಕೆ ಕರಾರಿನ ದಿನಾಂಕದಿಂದ ಎಂದಿದ್ದರೆ ಹಳೇ ಬಾಡಿಗೆ ಸಿಗುವುದು ಹತ್ತೇ ತಿಂಗಳು. ಬಾಡಿಗೆ ಶುರುವಾದ ದಿನದಿಂದ ಎಂದು ತಿದ್ದಿಸಬೇಕು. ಪ್ರತಿ ವರ್ಷದ ಬಾಡಿಗೆಯನ್ನು ರೂಪಾಯಿಯಲ್ಲೇ ಬರೆಸಿದರೆ ಆಮೇಲೆ ವಾದವೇ ಬರುವುದಿಲ್ಲ.

ಇಲ್ಲಿಯವರೆಗೆ ಇಲ್ಲಿಯ ಕಾಗದವನ್ನೇ ಹೊಗಳಿದೆ. ಕರಾರು ಮುಗಿಯುವಲ್ಲಿ ಮಾತ್ರ ಊರಿನ ಪದ್ಧತಿಯೇ ಮೇಲು ಅಂತ ಒಪ್ಪಿಕೊಳ್ಳದೆ ವಿಧಿಯಿಲ್ಲ. ಊರಲ್ಲಿ 11 ತಿಂಗಳ ಪತ್ರದ ಮೇಲೇ ಇಪ್ಪತ್ತು ವರ್ಷ ಕೂತವರಿದ್ದಾರೆ. ಪತ್ರದ ಅವಧಿ ಮುಗಿದದ್ದು ಇಬ್ಬರಿಗೂ ನೆನಪಿರುವುದಿಲ್ಲ, ಮಾಲೀಕರ ಮನೆ ಮದುವೆಗೆ ಇವರೇ ಓಡಾಡುತ್ತಾರೆ. ಇಲ್ಲಿ ಐದು ವರ್ಷ ಮುಗಿದ ಮರುದಿನ ಬೀಗದಕೈ ಕೊಡಬೇಕು. ತಡವಾದರೆ ಬಾಡಿಗೆಯ ಎರಡು ಪಟ್ಟು ಅಂತ ಕರಾರಿನಲ್ಲೇ ಇರುತ್ತದೆ. ‘ಪರಸ್ಪರ ಒಪ್ಪಿಗೆಯ ಮೇರೆಗೆ ನವೀಕರಣ’ ಎಂಬ ಸಾಲು ನೋಡಿ ನಮ್ಮವರು ಸಮಾಧಾನಪಡುತ್ತಾರೆ. ಮಾಲೀಕ ಒಪ್ಪದಿದ್ದರೆ ನವೀಕರಣವಿಲ್ಲ ಎಂದಷ್ಟೇ ಅದರ ಅರ್ಥ.

ಮಳಿಗೆಗೆ 8 ಲಕ್ಷ ಸುರಿದಿದ್ದರೆ ಐದು ವರ್ಷಕ್ಕೆ ಹರಡಿದಾಗ ತಿಂಗಳಿಗೆ 13,333 ಆಗುತ್ತದೆ, ಹತ್ತು ವರ್ಷ ಸಿಕ್ಕರೆ ಅದರ ಅರ್ಧ. ಆದ್ದರಿಂದ ಆ ಸಾಲನ್ನು ಹೊಡೆದುಹಾಕಿಸಿ, ನವೀಕರಣದ ಆಯ್ಕೆ ಬಾಡಿಗೆದಾರನದು, ಇನ್ನೈದು ವರ್ಷಕ್ಕೆ, ಕೊನೆಯ ಬಾಡಿಗೆಯ ಮೇಲೆ ಇಷ್ಟು ಪರ್ಸೆಂಟ್ ಏರಿಕೆ ಎಂದು ಸಂಖ್ಯೆ ಹಾಕಿಸಬೇಕು. ‘ಆಗಿನ ಮಾರುಕಟ್ಟೆ ದರ’ ಎಂದಿದ್ದರೆ ಮತ್ತೆ ಮೊದಲಿಂದ ಜಗ್ಗಾಟ. ಈ ಆಯ್ಕೆಗೆ 90 ದಿನದ ನೋಟಿಸ್ ಎಂದಿದ್ದು ಕರಾರು 2031ರ ಮಾರ್ಚ್ 31ಕ್ಕೆ ಮುಗಿಯುವುದಾದರೆ, 2030ರ ಡಿಸೆಂಬರ್ 31ರೊಳಗೆ ಪತ್ರ ಮಾಲೀಕನ ಕೈ ಸೇರಿರಬೇಕು. ಆ ತಾರೀಖನ್ನು ಸಹಿ ಹಾಕಿದ ದಿನವೇ ಗಲ್ಲಾಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದು ಅಂಟಿಸಿ. ಪತ್ರವನ್ನು ವಾಟ್ಸಾಪಿನಲ್ಲಷ್ಟೇ ಕಳಿಸಿ ಸುಮ್ಮನಾಗಬೇಡಿ. ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ.