ಸಿಮ್ ವಾಚ್ ಇದ್ದರೆ ಫೋನ್ ಬೇಡವೇ? ಸತ್ಯಾಂಶ

ಫಾರ್ವರ್ಡ್: "ಸಿಮ್ ಇರೋ ವಾಚ್ ತಗೊಳ್ಳಿ, ಫೋನ್ ಆಫ್ ಮಾಡಿಟ್ಟರೂ ಅದೇ ನಂಬರಿಗೆ ಎಲ್ಲಾ ಬರುತ್ತೆ. ಒಂದು ರೂಪಾಯಿ ಜಾಸ್ತಿ ಖರ್ಚಿಲ್ಲ, ಬ್ಯಾಟರಿಗೂ ಏನಾಗಲ್ಲ."

ನಂಬರಿನ ಮಾತು ಮಾತ್ರ ನಿಜ. ಆಪಲ್ ವಾಚ್‌ನ ಸೆಲ್ಯುಲಾರ್ ಮಾದರಿಯನ್ನೇ ನೋಡಿ. ಅದರೊಳಗಿನ ಇ-ಸಿಮ್ಮನ್ನು ಮೊಬೈಲ್ ಕಂಪನಿಯವರು ನಿಮ್ಮ ಫೋನ್ ನಂಬರಿಗೆ ಜೋಡಿಸುತ್ತಾರೆ, ಹಾಗಾಗಿ ಕರೆ ಎರಡರಲ್ಲೂ ರಿಂಗಾಗುತ್ತದೆ. ಆದರೆ ಸಾಮಾನ್ಯ ಎಸ್ಸೆಮ್ಮೆಸ್ ಮತ್ತು ಬೇರೆ ಆ್ಯಪ್‌ಗಳ ನೋಟಿಫಿಕೇಶನ್ ವಾಚಿಗೆ ಬರಬೇಕಾದರೆ ಫೋನ್ ಆನ್ ಆಗಿದ್ದು, ಅದಕ್ಕೆ ನೆಟ್‌ವರ್ಕ್ ಇರಬೇಕು. ಪಕ್ಕದಲ್ಲಿ ಇರಬೇಕಿಲ್ಲ, ಮನೆಯಲ್ಲಿದ್ದರೆ ಸಾಕು. ಫೋನ್ ಆಫ್ ಮಾಡಿಟ್ಟು ಹೋದವರಿಗೆ ಬ್ಯಾಂಕ್ ಓಟಿಪಿ ಸಿಗದೇ ಹೋಗುವುದು ಇಲ್ಲೇ.

ಖರ್ಚಿನ ವಿಷಯ ಪ್ಲಾನ್ ಮೇಲೆ ನಿಂತಿದೆ. ಎರಡಕ್ಕೂ ಒಂದೇ ಕಂಪನಿಯ ಸಂಪರ್ಕ ಬೇಕು. ವಾಚ್ ಸೇವೆ ಎಲ್ಲ ಪ್ಲಾನ್‌ನಲ್ಲೂ ಸಿಗುವುದಿಲ್ಲ, ಕೆಲವೆಡೆ ತಿಂಗಳ ಶುಲ್ಕವೂ ಇದೆ. ವಾಚ್ ಕೊಳ್ಳುವ ಮೊದಲೇ ವಿಚಾರಿಸಿ. ಸೆಲ್ಯುಲಾರ್ ಮಾದರಿಯ ಬೆಲೆಯೇ ಹೆಚ್ಚು.

ಬ್ಯಾಟರಿ? ಸೀರೀಸ್ 8ಕ್ಕೆ ಆಪಲ್ ಹೇಳುವ 18 ಗಂಟೆಯ ಲೆಕ್ಕದಲ್ಲಿ ಎಲ್‌ಟಿಇ, ಅಂದರೆ ವಾಚ್ ನೇರವಾಗಿ ಮೊಬೈಲ್ ನೆಟ್‌ವರ್ಕ್ ಬಳಸುವ ಪಾಲು 4 ಗಂಟೆ ಮಾತ್ರ, ಉಳಿದ 14 ಗಂಟೆ ಬ್ಲೂಟೂತ್‌ನಲ್ಲಿ ಫೋನಿಗೆ ಅಂಟಿಕೊಂಡೇ ಇರುತ್ತದೆ. ಸಿಗ್ನಲ್ ಕಡಿಮೆ ಇರುವ ಕಡೆ ಚಾರ್ಜ್ ಇನ್ನೂ ಬೇಗ ಇಳಿಯುತ್ತದೆ. ಬೆಳಗಿನ ವಾಕಿಂಗಿಗೆ ಧಾರಾಳ. ದಿನವಿಡೀ ಫೋನಿಲ್ಲದೆ ಓಡಾಡಲು ಸಾಲದು.