ಸಂಕ್ರಾಂತಿಗೇ ಉತ್ತರದ ಬಿಸಿಲು

ತುಮಕೂರಿನಲ್ಲೊಂದು ಮೂರನೇ ಮಹಡಿಯ ಫ್ಲ್ಯಾಟು. ಕಂಪ್ಯೂಟರಿನಲ್ಲಿ ಕಟ್ಟಿದ ಅದರ ಬಾಲ್ಕನಿಯ 3ಡಿ ಚಿತ್ರದಲ್ಲಿ, ಅಂದರೆ ರೆಂಡರ್‌ನಲ್ಲಿ, ಏನೂ ಕಮ್ಮಿಯಿಲ್ಲ. ಮಗುವಿನ ತಲೆ ತೂರದಂತೆ 10 ಸೆಂ.ಮೀ. ಸಂದಿಯ ಗ್ರಿಲ್ಲು, ಬಟ್ಟೆ ಒಣಹಾಕುವ ತಂತಿ, ತುಳಸಿ, ಲೋಳೆಸರ ಎಲ್ಲಾ ಇದೆ. ಗ್ರಿಲ್ಲಿನಾಚೆ ನೋಡಿದರೆ ಮಾತ್ರ ಎದುರುಮನೆಯ ಸಜ್ಜಾದ ತಳ ಕಾಣುತ್ತಿದೆ! ಅದು ಕಾಣಬೇಕಾದರೆ ರಸ್ತೆಯಲ್ಲಿ ನಿಂತು ಕತ್ತೆತ್ತಬೇಕು. ಅಲ್ಲಿಗೆ ಮೂರನೇ ಮಹಡಿ ಅಂತ ದುಡ್ಡು ಕೊಟ್ಟವರಿಗೆ ನೆಲಮಹಡಿ ಸಿಕ್ಕಂತಾಯಿತು.

ಇದರ ಲೆಕ್ಕ ಸುಲಭ. ಮಹಡಿಗೆ 3 ಮೀಟರ್‌ನಂತೆ 9, ನಿಂತವರ ಕಣ್ಣಿಗೆ ಇನ್ನೊಂದೂವರೆ, ಒಟ್ಟು 10.5 ಮೀಟರ್. ದಿಗಂತದ ಗೆರೆ ಯಾವತ್ತೂ ಕಣ್ಣಿನ ಮಟ್ಟದಲ್ಲೇ ಇರುತ್ತದೆ. ಎದುರಿನ ಎರಡಂತಸ್ತಿನ ಮನೆ ಪ್ಯಾರಪೆಟ್ ಸೇರಿ 7 ಮೀಟರ್ ಅಂದುಕೊಳ್ಳಿ. ಅದರ ತಾರಸಿ, ಅಲ್ಲಿಟ್ಟ ಕಪ್ಪು ಟ್ಯಾಂಕಿನ ಮುಚ್ಚಳ, ಮೇಲಂತಸ್ತಿನ ಆಸೆಗೆ ಬಿಟ್ಟ ತುಕ್ಕು ಹಿಡಿದ ಕಂಬಿಗಳು, ಎಲ್ಲವೂ ಗೆರೆಯ ಕೆಳಗೇ ಬರಬೇಕು. ಹಾಗಾಗಿ ಗ್ರಿಲ್ಲಿನಾಚೆ ಹಿನ್ನೆಲೆಗೆ ಹಾಕುವ ಫೋಟೋವನ್ನು ಅಷ್ಟೇ ಎತ್ತರದ ತಾರಸಿಯಿಂದ, ಕ್ಯಾಮೆರಾ ಬಾಗಿಸದೆ ತೆಗೆಯಿರಿ. 3ಡಿ ತಂತ್ರಾಂಶವಾದ ಬ್ಲೆಂಡರ್‌ನಲ್ಲಿ ಆ ಫೋಟೋ ಅಂಟಿಸಿದ ಹಲಗೆಯನ್ನು ಮೇಲೆ ಕೆಳಗೆ ಸರಿಸಿ, ಅದರ ದಿಗಂತವನ್ನು ನಿಮ್ಮ ಕ್ಯಾಮೆರಾ ಎತ್ತರಕ್ಕೆ ತನ್ನಿ. ಹಲಗೆ ತಾನೇ ಬೆಳಗುವಂತೆ ಅದಕ್ಕೆ `Emission` ಹಾಕುವುದನ್ನು ಮರೆತರೆ ನಿಮ್ಮದೇ ಕಟ್ಟಡದ ನೆರಳು ಆಕಾಶದ ಮೇಲೆ ಬೀಳುತ್ತದೆ.

ಖಾಲಿ ಜಾಗ ಕಂಡಲ್ಲಿ ದೇವರಾಯನದುರ್ಗ ನೆಡುವ ಚಪಲವೂ ಕೆಲವರಿಗಿದೆ. ಊರಿನಿಂದ ಆ ಬೆಟ್ಟ ಚಾಚಿದ ಕೈಯ ಹೆಬ್ಬೆರಳಷ್ಟು ಎದ್ದರೆ ಹೆಚ್ಚು. ರೆಂಡರ್‌ನಲ್ಲಿ ಅದು ಹಿಮಾಲಯ.

ಇಷ್ಟೆಲ್ಲಾ ಸರಿಮಾಡಿದ ಮೇಲೂ ಚಾಡಿ ಹೇಳುವುದು ಎದುರುಮನೆಯ ಸೋಲಾರ್. ನಮ್ಮ ಕಡೆ ವಾಟರ್ ಹೀಟರನ್ನು ದಕ್ಷಿಣಕ್ಕೆ ಮುಖ ಮಾಡಿ ಕೂರಿಸುತ್ತಾರೆ. ಅದರ ಗಾಜು ನೇರ ನಿಮಗೆ ಕಾಣುತ್ತಿದೆ ಎಂದರೆ ನೀವು ಉತ್ತರಕ್ಕೆ ನೋಡುತ್ತಿದ್ದೀರಿ, ಬಾಲ್ಕನಿಯದು ಉತ್ತರದ ಮುಖ. ಅಂಥಲ್ಲಿ ಬಾಗಿಲಿಗೆ ಕಬ್ಬು ಕಟ್ಟಿ, ಸಂಕ್ರಾಂತಿ ಮಧ್ಯಾಹ್ನ ಎಂದು ಗ್ರಿಲ್ಲಿನ ನೆರಳನ್ನು ನೆಲದುದ್ದಕ್ಕೂ ಚೆಲ್ಲಿರುತ್ತಾರೆ. ಉತ್ತರಾಯಣ ಶುರುವಾದ ಮಾತ್ರಕ್ಕೆ ಸೂರ್ಯ ಅಂದೇ ಉತ್ತರದ ಬಾಲ್ಕನಿಗೆ ಬಂದು ಬನಿಯನ್ ಒಣಗಿಸಿಕೊಡುವುದಿಲ್ಲ. ಜನವರಿಯಲ್ಲಿ ಅವನು ದಿನವಿಡೀ ದಕ್ಷಿಣದಲ್ಲೇ ಇರುತ್ತಾನೆ. ತುಮಕೂರಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ವಾಲುವುದು ಏಪ್ರಿಲ್ ಕೊನೆಗೆ, ಮತ್ತೆ ಆಗಸ್ಟ್ ನಡುವಿಗೆ ವಾಪಸ್.

ಹಾಗಾಗಿ ಸೂರ್ಯನನ್ನು ಕ್ಯಾಮೆರಾದ ಬೆನ್ನಿಗೆ ತಿರುಗಿಸಿ. ಬರೀ ಬಾಲ್ಕನಿ ಮಾಡಿ ಹಿಂದಿನ ಮನೆಯನ್ನು ಬಿಟ್ಟಿದ್ದರೆ ಬಿಸಿಲು ಹಿಂಬಾಗಿಲಿಂದ ನುಗ್ಗುತ್ತದೆ. ಕ್ಯಾಮೆರಾದ ಹಿಂದೆ ಒಂದು ದೊಡ್ಡ ಡಬ್ಬ ಇಟ್ಟು ತಡೆಯಿರಿ. ಆಗ ಎದುರಿನ ಗೋಡೆಗಳು ಝಗ್ಗನೆ ಹೊಳೆದು, ಈಚೆ ತುಳಸಿಕುಂಡ ತಂಪು ನೆರಳಲ್ಲಿ ನಿಲ್ಲುತ್ತದೆ. ತಂತಿಯ ಮೇಲಿನ ಅಂಗಿಗಳ ಇಸ್ತ್ರಿ ಕೆಡಿಸಿ, ಒಂದು ಜೀನ್ಸ್ ಪ್ಯಾಂಟು ಹಾಕಿ ತಂತಿಯನ್ನು ನಡುವಲ್ಲಿ ಎರಡಂಗುಲ ಜಗ್ಗಿಸಿ. ಆ ನೆರಳಲ್ಲಿ ಅದು ನಾಳಿದ್ದಿಗೂ ಒಣಗುವುದಿಲ್ಲ.