ಎಂಟು ಗಂಟೆ ನಲವತ್ತು ನಿಮಿಷದ ಸಿರಿವಂತಿಕೆ

ಟಿಕೆಟ್ ಕೈಗೆ ಬಂದ ದಿನದಿಂದಲೂ ನನ್ನ ಕಣ್ಣು ಅದರ ನಡುವಿನ ಒಂದೇ ಸಾಲಿನ ಮೇಲೆ ನೆಟ್ಟಿತ್ತು. ಎರಡು ವಿಮಾನಗಳ ನಡುವೆ ಎಂಟು ಗಂಟೆ ನಲವತ್ತು ನಿಮಿಷ. ಬೆಳಿಗ್ಗೆ 9.10ಕ್ಕೆ ಇಳಿಯುವುದು, ಸಂಜೆ 5.50ಕ್ಕೆ ಹತ್ತುವುದು. ಒಂದೇ ಟಿಕೆಟ್ಟಿನಲ್ಲಿ ಎರಡು ದೇಶ ನೋಡಿದ ಹಾಗಾಯಿತು ಎಂದು ನಾನು ಹಿಗ್ಗಿದೆ. ಹೆಂಡತಿ ಹಿಗ್ಗಲಿಲ್ಲ. ಅವಳು ಯಾವ ಲೆಕ್ಕವನ್ನೂ ಕೊನೆಯಿಂದ ಹಿಂದಕ್ಕೆ ಹಾಕುವವಳು.

ವಿಮಾನದಲ್ಲಿ ಕುಳಿತಾಗಲೇ ವಾಂತಿಗೆಂದು ಇಟ್ಟಿರುವ ಕಾಗದದ ಚೀಲವನ್ನು ಬಿಡಿಸಿಕೊಂಡು, ಅದರ ಬೆನ್ನ ಮೇಲೆ ಬರೆಯತೊಡಗಿದಳು. ವಿಮಾನ ಹೊರಡುವುದು 5.50. ಗೇಟ್ ಮುಚ್ಚುವುದು ಅದಕ್ಕಿಂತ ಇಪ್ಪತ್ತು ನಿಮಿಷ ಮೊದಲು, ಅಂದರೆ 5.30. ತಪಾಸಣೆ ಮುಗಿದ ಮೇಲೆ ಗೇಟಿನವರೆಗೆ ನಡೆಯಲು ಅರ್ಧ ಗಂಟೆ, 5.00. ಹೊರಹೋಗುವ ಇಮಿಗ್ರೇಷನ್ ಮತ್ತು ಭದ್ರತಾ ತಪಾಸಣೆ ಸೇರಿ ಒಂದು ಗಂಟೆ, 4.00. ಕ್ಲೋಕ್ ರೂಮಿನಲ್ಲಿಟ್ಟ ಚೀಲ ಬಿಡಿಸಿಕೊಳ್ಳಲು ಇಪ್ಪತ್ತು ನಿಮಿಷ, 3.40. ಊರೊಳಗಿನಿಂದ ರೈಲಿಗೆ ಕಾದು ಬಂದು ಮುಟ್ಟಲು ಐವತ್ತೈದು ನಿಮಿಷ, 2.45. ನಿಮ್ಮ ಸ್ವಭಾವಕ್ಕೆ ಅರ್ಧ ಗಂಟೆ, 2.15.

“ನನ್ನ ಸ್ವಭಾವಕ್ಕೆ ಅರ್ಧ ಗಂಟೆ ಏಕೆ?”

“ಕಡಿಮೆಯಾಯಿತೇ?” ಎಂದಳು.

ಆಮೇಲೆ ಈ ಕಡೆಯಿಂದ ಶುರು ಮಾಡಿದಳು. 9.10 ಎಂದರೆ ಚಕ್ರ ನೆಲಕ್ಕೆ ತಾಗುವ ಹೊತ್ತು. ಬಾಗಿಲು ತೆರೆದು ನಾವು ಹೊರಬೀಳುವಾಗ 9.30. ಸಾಲಿನ ಬಾಲ ಸಿಗುವಾಗ 9.45. ಸಾಲು ಕರಗಲು ಒಂದು ಗಂಟೆ, ಚೀಲ ಇಡಲು ಇಪ್ಪತ್ತು ನಿಮಿಷ, ರೈಲು ಐವತ್ತೈದು ನಿಮಿಷ. ಊರಿಗೆ ಕಾಲಿಡುವಾಗ ಮಧ್ಯಾಹ್ನ ಹನ್ನೆರಡು. ನನ್ನ ಎಂಟು ಗಂಟೆ ನಲವತ್ತು ನಿಮಿಷ ನೋಡುನೋಡುತ್ತಿದ್ದಂತೆ ಎರಡೂಕಾಲು ಗಂಟೆಗೆ ಇಳಿದಿತ್ತು. ಸೊಪ್ಪು ಬಾಡಿಸಿದವರಿಗೆ ಈ ಅನುಭವ ಹೊಸದಲ್ಲ. ಬುಟ್ಟಿ ತುಂಬ ಇದ್ದದ್ದು ಬಾಣಲೆಯ ತಳದಲ್ಲಿ ಒಂದು ಹಿಡಿಯಾಗಿರುತ್ತದೆ.

ಹಾಗೆಂದು ಬೇಡ ಎನ್ನಲೂ ಇಲ್ಲ ಅವಳು. ಬೇಡ ಎನ್ನಲು ಬೇಕಾದ ಕಾರಣಗಳನ್ನೆಲ್ಲ ಮನೆಯಲ್ಲೇ ಜರಡಿ ಹಿಡಿದಿದ್ದಳು. ಆ ದೇಶ ನಮ್ಮ ಪಾಸ್‌ಪೋರ್ಟಿನವರನ್ನು ಆನ್‌ಲೈನ್ ಅರ್ಜಿಯ ಮೇಲೆಯೇ ಒಳಗೆ ಬಿಡುತ್ತದೆ, ಆ ಅರ್ಜಿ ತುಂಬಿ ಆಗಿತ್ತು. ಒಂದೇ ಸಲದ ಪ್ರವೇಶಕ್ಕೆ ಅನುಮತಿ ಇರುವ ವೀಸಾ ಆಗಿದ್ದರೆ ಹೋಗುವಾಗ ಅದನ್ನು ಖರ್ಚು ಮಾಡಿಕೊಂಡು ಬರುವಾಗ ಕೈ ಚಾಚಿ ನಿಲ್ಲಬೇಕಾಗುತ್ತಿತ್ತು, ಆ ತೊಡಕು ನಮಗಿರಲಿಲ್ಲ. ದೊಡ್ಡ ಪೆಟ್ಟಿಗೆಗಳಿಗೆ ಕಟ್ಟಿದ ಪಟ್ಟಿಯ ಚೂರಿನ ಮೇಲೆ ಕೊನೆಯ ಊರಿನ ಮೂರಕ್ಷರದ ಗುರುತಿತ್ತು. ಅವು ನಮ್ಮನ್ನು ಕೇಳದೆ ತಮ್ಮ ಪಾಡಿಗೆ ಎರಡನೆಯ ವಿಮಾನ ಸೇರುತ್ತವೆ. ಕೈಯಲ್ಲಿ ಉಳಿಯುವುದು ಕ್ಯಾಬಿನ್ ಚೀಲಗಳು ಮಾತ್ರ.

“ಆದರೆ ಒಂದು ಮಾತು” ಎಂದಳು. “ನಾವು ತಿರುಗಾಡಲು ಹೋಗಿ ವಿಮಾನ ತಪ್ಪಿದರೆ ಅದು ಅವರ ತಪ್ಪಲ್ಲ. ಪೆಟ್ಟಿಗೆಗಳನ್ನು ಹೊಟ್ಟೆಯಿಂದ ಹೊರಗೆ ತೆಗೆಯುತ್ತಾರೆ. ಈ ಟಿಕೆಟ್ಟಿನ ಮುಂದಿನ ಪ್ರಯಾಣವೆಲ್ಲ ರದ್ದಾಗಬಹುದು, ಮರಳಿ ಬರುವುದೂ ಸೇರಿ.”

ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಒಂದೇ ಟಿಕೆಟ್ಟಿನವರಿಗೆ ಕಂಪನಿಯೇ ಬೇರೆ ವಿಮಾನ ಹುಡುಕಿಕೊಡುತ್ತದೆ. ಆ ಭರವಸೆಯನ್ನೇ ನಾನು ಊರು ಸುತ್ತುವುದಕ್ಕೂ ಹಿಗ್ಗಿಸಿಕೊಂಡು ನೆಮ್ಮದಿಯಾಗಿದ್ದೆ.

ಇಳಿದ ಮೇಲೆ ಒಂದು ಉದ್ದನೆಯ ಓಣಿ. ಅದರ ತುದಿಯಲ್ಲಿ ದಾರಿ ಕವಲೊಡೆಯುತ್ತದೆ. ಎಡಕ್ಕೆ ಹೋದರೆ ಟ್ರಾನ್ಸಿಟ್, ಮೆತ್ತನೆಯ ಕುರ್ಚಿಗಳು. ಬಲಕ್ಕೆ ಹೋದರೆ ಇಮಿಗ್ರೇಷನ್. ನಮ್ಮದಲ್ಲದೆ ಇನ್ನೂ ಎರಡು ದೊಡ್ಡ ವಿಮಾನಗಳು ಅದೇ ಕಾಲು ಗಂಟೆಯಲ್ಲಿ ಇಳಿದಿದ್ದವು. ಪಟ್ಟಿಗಳನ್ನು ಕಟ್ಟಿ ಹಾವಿನಂತೆ ಸುತ್ತಿಸಿದ ಸಾಲು. ಇಂಥ ಸಾಲಿನಲ್ಲಿ ಮುಂದಿನವರ ಬೆನ್ನಿಗಿಂತ ಎದುರಿನಿಂದ ಬರುವವರ ಮುಖಗಳೇ ಹೆಚ್ಚು ಪರಿಚಯವಾಗುತ್ತವೆ. ಹಸಿರು ಟೋಪಿಯ ಒಬ್ಬರನ್ನು ಮೊದಲ ತಿರುವಿನಲ್ಲಿ ಕಂಡಾಗ ನಕ್ಕೆ. ಎರಡನೆಯ ಸಲ ತಲೆಯಾಡಿಸಿದೆ. ಆರನೆಯ ಸಲಕ್ಕೆ ಇಬ್ಬರಿಗೂ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಹೆಂಡತಿ ಅಲ್ಲಿಯೂ ಕಾಗದದ ಚೀಲ ತೆಗೆದಳು. ಒಂದು ಪಟ್ಟಿಯಲ್ಲಿ ಸುಮಾರು ಹದಿನಾರು ಜನ, ಅಂಥ ಹನ್ನೆರಡು ಪಟ್ಟಿಗಳು, ಒಟ್ಟು ನೂರ ತೊಂಬತ್ತೆರಡು. ತೆರೆದಿದ್ದ ಕಿಟಕಿಗಳು ಆರು. ಕೈಗಡಿಯಾರ ಹಿಡಿದು ನೋಡಿದಳು. ಒಬ್ಬೊಬ್ಬರಿಗೆ ಎರಡು ನಿಮಿಷ ಹಿಡಿಯುತ್ತಿತ್ತು. ಅಂದರೆ ನಿಮಿಷಕ್ಕೆ ಮೂವರು, ನಮ್ಮ ಸರದಿಗೆ ಅರವತ್ತನಾಲ್ಕು ನಿಮಿಷ. ಹನ್ನೊಂದರೊಳಗೆ ಕಿಟಕಿ ಮುಟ್ಟದಿದ್ದರೆ ಸಾಲು ಬಿಟ್ಟು ಟ್ರಾನ್ಸಿಟ್ ಕಡೆಗೆ ತಿರುಗುವುದು ಎಂದು ತೀರ್ಪು ಕೊಟ್ಟಳು. ಠಸ್ಸೆ ಬೀಳುವವರೆಗೆ ಹಿಂದಿರುಗಬಹುದು. ಬಿದ್ದ ಮೇಲೆ ಒಳಗಿನ ಮೆತ್ತನೆಯ ಕುರ್ಚಿ ಬೇಕೆಂದರೂ ಇಡೀ ಪ್ರದಕ್ಷಿಣೆ ಹಾಕಿಕೊಂಡೇ ಬರಬೇಕು.

ನಡುವೆ ಒಬ್ಬ ಅಧಿಕಾರಿ ಎದ್ದು ಹೋದರು. ಇಡೀ ಸಾಲಿನ ಹೊಟ್ಟೆ ಕಲಸಿತು. ಅವರ ಕುರ್ಚಿಗೆ ಇನ್ನೊಬ್ಬರು ಬಂದು ಕುಳಿತಾಗ ಜನ ಚಪ್ಪಾಳೆ ತಟ್ಟುವುದೊಂದು ಬಾಕಿ. ನಮ್ಮ ಕಿಟಕಿಯ ಅಧಿಕಾರಿ ಮುಂದಿನ ವಿಮಾನದ ಬೋರ್ಡಿಂಗ್ ಪಾಸ್ ಕೇಳಿದರು. ಅದು ಭದ್ರವಾಗಿರಲಿ ಎಂದು ನಾನು ಚೀಲದ ತಳದಲ್ಲಿಟ್ಟಿದ್ದೆ. ಎರಡು ನಿಮಿಷದ ಕೆಲಸ ಐದು ನಿಮಿಷವಾಯಿತು. ಹಿಂದಿನ ಸಾಲಿನಲ್ಲಿ ಯಾರೋ ತಮ್ಮ ಲೆಕ್ಕ ತಿದ್ದಿಕೊಂಡಿರಬೇಕು. ಠಸ್ಸೆ ಬಿದ್ದಾಗ 10.55.

ಕ್ಲೋಕ್ ರೂಮ್ ಹುಡುಕಿ ಹೋದೆವು. ಕಷ್ಟ ಶುರುವಾದದ್ದೇ ಇಲ್ಲಿ. ಅಲ್ಲಿ ದರ ಗಂಟೆಯ ಲೆಕ್ಕದಲ್ಲಿರಲಿಲ್ಲ. ಒಂದು ಗಂಟೆ ಇಟ್ಟರೂ ಇಡೀ ದಿನದ ದರವೇ, ಅದೂ ಪ್ರತಿ ನಗಕ್ಕೆ. ನಮ್ಮ ಬಳಿ ಮೂರು ನಗಗಳಿದ್ದವು. ನನ್ನ ಚೀಲ, ಅವಳ ಚೀಲ, ಮತ್ತು ಹೊರಡುವಾಗ ಸುಂಕವಿಲ್ಲದ ಅಂಗಡಿಯಲ್ಲಿ ಕೊಂಡ ಸುಗಂಧದ ಬಾಟಲಿಯ ಪಾರದರ್ಶಕ ಚೀಲ. ಅದು ಅವಳ ಅಕ್ಕನಿಗೆ. ನೂರು ಮಿಲಿಲೀಟರ್ ಸಾಕೆಂದು ಅವಳು ಹೇಳಿದ್ದಳು. ನೂರೈವತ್ತರದ್ದು ಲೆಕ್ಕಕ್ಕೆ ಅಗ್ಗವೆಂದು ಕೊಂಡವನು ನಾನು.

ಅಂಗೈಯಗಲದ ವಸ್ತುವಿಗೆ ಒಂದು ನಗದ ದರ ತೆರಲು ನನ್ನ ಜೀವ ಒಪ್ಪಲಿಲ್ಲ. ಅದನ್ನು ನನ್ನ ಚೀಲಕ್ಕೆ ತುರುಕಲು ಹೋದೆ. ಗಾಳಿ ತುಂಬಿಕೊಂಡಿದ್ದ ಆ ಮುದ್ರೆಯ ಚೀಲ ದಿಂಬಿನಂತೆ ಉಬ್ಬಿ ಮೊಂಡು ಹಿಡಿಯಿತು. ಸರಿ, ಅಂಚನ್ನು ಹರಿದು ಬಾಟಲಿಯನ್ನು ಹೊರತೆಗೆದು, ಎರಡು ಅಂಗಿಗಳ ನಡುವೆ ಮಲಗಿಸಿದೆ. ಹರಿದ ಚೀಲವನ್ನು ರಸೀದಿಯ ಸಮೇತ ಕಸದ ಬುಟ್ಟಿಗೆ ಹಾಕಿದೆ. ಮೂರು ನಗ ಎರಡಾಯಿತು. ಈ ಜಾಣತನಕ್ಕೆ ಹೆಂಡತಿಯ ಮೆಚ್ಚುಗೆ ಸಿಗಬಹುದೆಂದು ತಿರುಗಿ ನೋಡಿದರೆ ಅವಳು ಸೂಚನಾ ಫಲಕ ಓದುತ್ತಿದ್ದಳು. ಪವರ್ ಬ್ಯಾಂಕ್, ಪಾಸ್‌ಪೋರ್ಟ್, ಹಣ ಇಡುವಂತಿಲ್ಲ. ಎಕ್ಸ್-ರೇಯಲ್ಲಿ ನನ್ನ ಎರಡು ಪವರ್ ಬ್ಯಾಂಕುಗಳು ಕಾಣಿಸಿ, ತುಂಬಿದ ಚೀಲವನ್ನು ಮತ್ತೆ ಬಿಚ್ಚಬೇಕಾಯಿತು. ಅವು ನನ್ನ ಪ್ಯಾಂಟಿನ ಎರಡೂ ಜೇಬುಗಳಿಗೆ ಹೋದವು. ಅಲ್ಲಿಂದ ಮುಂದೆ ಎತ್ತಿನ ಕೊರಳ ಗಂಟೆಯಂತೆ ತೊಡೆಗೆ ಬಡಿಯುತ್ತಲೇ ನಡೆದೆ. ಇಷ್ಟರಲ್ಲಿ 11.25.

ಊರಿನ ಬಗ್ಗೆ ಹೇಳುವುದು ಹೆಚ್ಚಿಲ್ಲ. ಒಂದು ನದಿ, ಅದರ ಮೇಲೊಂದು ಸೇತುವೆ. ಸೇತುವೆಯ ಆಚೆ ಗಡಿಯಾರದ ಗೋಪುರವಿತ್ತು. ಇಬ್ಬರೂ ಅದನ್ನೇ ನೋಡಿದೆವು, ಶಿಲ್ಪಕ್ಕಾಗಿ ಅಲ್ಲ. ಎರಡು ಗಂಟೆ ಹತ್ತು ನಿಮಿಷಕ್ಕೆ ಅವಳು ಎದ್ದು ನಿಂತಳು. ಇನ್ನೈದು ನಿಮಿಷ ಇದೆಯಲ್ಲ ಎಂದೆ. ಅದು ನಿಮ್ಮ ಸ್ವಭಾವದ ಖಾತೆಯಿಂದ ಎಂದಳು.

ವಾಪಸಾದಾಗ ಕ್ಲೋಕ್ ರೂಮಿನಲ್ಲಿ ಪಾಳಿ ಬದಲಾಗುತ್ತಿತ್ತು. ಹದಿನೈದು ನಿಮಿಷ ಕಾದೆವು. ಆದರೂ ಅವಳ ಲೆಕ್ಕಕ್ಕಿಂತ ಮುಂದಿದ್ದೆವು. ಇಮಿಗ್ರೇಷನ್ ಹತ್ತೇ ನಿಮಿಷದಲ್ಲಿ ಮುಗಿಯಿತು. ನಾನು ಸಣ್ಣಗೆ ಸಿಳ್ಳೆ ಹಾಕುತ್ತ ತಪಾಸಣೆಯ ಟ್ರೇಯಲ್ಲಿ ಚೀಲವಿಟ್ಟೆ. ಚೀಲ ಯಂತ್ರದೊಳಗೆ ಹೋಯಿತು, ನಿಂತಿತು, ಒಂದಿಷ್ಟು ಹಿಂದಕ್ಕೆ ಬಂತು, ಮತ್ತೆ ಮುಂದಕ್ಕೆ ಹೋಗಿ ಪಕ್ಕದ ಪಟ್ಟಿಗೆ ಹೊರಳಿತು. ಪಕ್ಕದ ಪಟ್ಟಿಗೆ ಹೊರಳಿದ ಚೀಲದ ಒಡೆಯನನ್ನು ಜನ ಹೇಗೆ ನೋಡುತ್ತಾರೆಂದು ಆ ಹೊತ್ತು ತಿಳಿಯಿತು.

ಸಿಬ್ಬಂದಿಯಾಕೆ ಅಂಗಿಗಳ ನಡುವಿನಿಂದ ಬಾಟಲಿ ಎತ್ತಿ, ತಳದಲ್ಲಿದ್ದ ಅಂಕಿಗೆ ಬೆರಳಿಟ್ಟರು. 150. ನೂರಕ್ಕಿಂತ ಹೆಚ್ಚಿನದು ಕೈಚೀಲದಲ್ಲಿ ಹೋಗುವಂತಿಲ್ಲ. ಸುಂಕವಿಲ್ಲದ ಅಂಗಡಿಯದ್ದು ಎಂದೆ. ಮುದ್ರೆಯ ಚೀಲ ಎಲ್ಲಿ ಎಂದರು. ಒಡೆಯದ ಮುದ್ರೆ, ಒಳಗೆ ರಸೀದಿ, ಇವೆರಡೂ ಇದ್ದರೆ ನೋಡಬಹುದಿತ್ತಂತೆ. ಬೆಳಿಗ್ಗೆ ಎಡಗಡೆಯ ಓಣಿ ಹಿಡಿದು ಟ್ರಾನ್ಸಿಟ್‌ನಲ್ಲೇ ಕುಳಿತಿದ್ದರೂ, ಹೊರಗೆ ಹೋಗಿ ಮೂರು ನಗಕ್ಕೆ ಹಣ ತೆತ್ತಿದ್ದರೂ, ಆ ಎರಡೂ ನನ್ನ ಬಳಿ ಇರುತ್ತಿದ್ದವು.

“ಕೌಂಟರಿಗೆ ಹೋಗಿ ಪೆಟ್ಟಿಗೆಯಲ್ಲಿ ಹಾಕಿ ಕಳಿಸಬಹುದು” ಎಂದರು ಆಕೆ. ಪೆಟ್ಟಿಗೆಗಳು ಬೆಳಗಿನಿಂದಲೇ ಅವರ ವಶದಲ್ಲಿವೆ. ಬಾಟಲಿಯೊಂದನ್ನೇ ಕಳಿಸಲು ಮತ್ತೆ ಹೊರಗೆ ಹೋಗಿ, ಸಾಲು ನಿಂತು, ಇನ್ನೊಮ್ಮೆ ಇಮಿಗ್ರೇಷನ್ ದಾಟಿ ಬರಬೇಕು. ಹೆಂಡತಿ ಗಡಿಯಾರ ನೋಡಿದಳು. 3.50.

“ಒಂದು ನಗಕ್ಕೆ ಎಷ್ಟಿತ್ತು?” ಎಂದು ಕೇಳಿದಳು.

ಹೇಳಿದೆ. ಅವಳು ಬಾಟಲಿಯ ಬೆಲೆಯನ್ನು ಅದರಿಂದ ಭಾಗಿಸುತ್ತಿರುವುದು ಅವಳ ತುಟಿಗಳಲ್ಲಿ ಕಾಣುತ್ತಿತ್ತು. ಭಾಗಲಬ್ಧವನ್ನು ನನಗೆ ತಿಳಿಸಲಿಲ್ಲ. ಆಕೆಯಿಂದ ಬಾಟಲಿಯನ್ನು ಕೇಳಿ ತೆಗೆದುಕೊಂಡು, ಮುಚ್ಚಳ ಬಿಚ್ಚಿ, ತನ್ನ ಎರಡೂ ಮಣಿಕಟ್ಟುಗಳಿಗೆ ಹಾಕಿಕೊಂಡಳು. ಕೊರಳಿಗೆ, ಸೆರಗಿಗೆ, ಕೈಚೀಲದ ಒಳಗೂ ಹೊರಗೂ. ಆಮೇಲೆ ನನ್ನ ಕಡೆ ತಿರುಗಿ, ತಲೆಯಿಂದ ಬೂಟಿನವರೆಗೆ, ತೋಟಕ್ಕೆ ಔಷಧಿ ಹೊಡೆಯುವವರ ಶ್ರದ್ಧೆಯಿಂದ ಹೊಡೆದಳು. ಹಿಂದಿನವರು ಎರಡು ಹೆಜ್ಜೆ ಸರಿದರು. ಮೂರನೆಯ ಟ್ರೇಯ ಬಳಿ ಹಸಿರು ಟೋಪಿ ಕಂಡಿತು. ಅವರೂ ಊರು ನೋಡಿ ಬಂದಿದ್ದರು. ಈ ಸಲ ಅವರೇ ಬೇರೆ ಕಡೆ ನೋಡಿದರು.

ಗೇಟ್ ಮುಟ್ಟಿದಾಗ 4.25. ಮುಚ್ಚಲು ಇನ್ನೂ ಒಂದು ಗಂಟೆ ಐದು ನಿಮಿಷ ಇತ್ತು. ಅಕ್ಕಪಕ್ಕದ ಕುರ್ಚಿಗಳು ತಾವಾಗಿಯೇ ತೆರವಾದದ್ದರಿಂದ ಕಾಲು ಚಾಚಿ ಮಲಗಿದೆವು. ವಿಮಾನದಲ್ಲಿ ಆ ಅನುಕೂಲವಿರಲಿಲ್ಲ. ಕಿಟಕಿಯ ಸೀಟಿನ ಹಿರಿಯರು ನಾನು ಕುಳಿತ ಕೂಡಲೇ ಸೀನಿದರು. ಪಟ್ಟಿ ಕಟ್ಟಿಕೊಳ್ಳುವಷ್ಟರಲ್ಲಿ ಇನ್ನೂ ನಾಲ್ಕು ಸೀನಿದರು. ಗಗನಸಖಿಯನ್ನು ಕರೆದು ಬೇರೆ ಸೀಟು ಇದೆಯೇ ಎಂದು ಕೇಳಿದರು. ಒಂದೂ ಖಾಲಿ ಇರಲಿಲ್ಲ. ಮುಂದಿನ ಒಂಬತ್ತು ಗಂಟೆ ಅವರು ಕಿಟಕಿಗೆ ಮೂಗು ತಾಗಿಸಿಕೊಂಡೇ ಕುಳಿತಿದ್ದರು. ಹೆಂಡತಿ ಅವರ ಮುಂದಿನ ಜೇಬಿನಿಂದ ಇನ್ನೊಂದು ಕಾಗದದ ಚೀಲವನ್ನು ಕೇಳಿ ಪಡೆದಳು. ಬರುವಾಗಿನ ಲೇಓವರ್ ಏಳು ಗಂಟೆ ಇಪ್ಪತ್ತು ನಿಮಿಷದ್ದು.